ಇಡುಗಂಟು ಕಟ್ಟಿದ ಮೇಲೆ ಇಳಿಸಬೇಕಾದದ್ದು ಕಂತೋ, ಅವಧಿಯೋ?

ಪ್ರಶ್ನೆ: ಜೋಗುಪಾಳ್ಯದಲ್ಲಿ ನಮ್ಮ ಮಾವನವರ ಕಾಲದ ಮನೆ ಇದೆ. ಅದರ ಮೇಲೆ ಒಂದು ಮಹಡಿ ಕಟ್ಟಿಸಲು ಐದು ವರ್ಷದ ಹಿಂದೆ 30 ಲಕ್ಷ ರೂಪಾಯಿ ಗೃಹಸಾಲ ತೆಗೆದುಕೊಂಡೆವು. ಬಡ್ಡಿ ಶೇ. 8.5, ಅವಧಿ 20 ವರ್ಷ, ತಿಂಗಳ ಕಂತು 26,035 ರೂಪಾಯಿ. ಈವರೆಗೆ ಒಂದು ಕಂತೂ ತಪ್ಪಿಲ್ಲ. ಈಗ ವಿಮಾ ಪಾಲಿಸಿಯೊಂದು ಮುಗಿದು 5 ಲಕ್ಷ ಕೈಗೆ ಬಂದಿದೆ. ಅದನ್ನು ಸಾಲಕ್ಕೆ ಕಟ್ಟಬೇಕೆಂದಿದ್ದೇವೆ. ಕಂತು ಇಳಿಸಿಕೊಳ್ಳಿ, ಉಸಿರಾಡಲು ಜಾಗ ಸಿಗುತ್ತದೆ ಎನ್ನುತ್ತಾರೆ ಬ್ಯಾಂಕಿನವರು. ನಮ್ಮ ಭಾವ ಮಾತ್ರ ಅವಧಿಯನ್ನೇ ಇಳಿಸಿ, ಲಕ್ಷಗಟ್ಟಲೆ ಬಡ್ಡಿ ಉಳಿಯುತ್ತದೆ ಎಂದು ಹಟ ಹಿಡಿದಿದ್ದಾರೆ. ನನಗೆ 46 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ, 58ಕ್ಕೆ ನಿವೃತ್ತಿ. ಯಜಮಾನರದು ಸಿ.ಎಂ.ಎಚ್. ರಸ್ತೆಯ ಹತ್ತಿರ ಎಲೆಕ್ಟ್ರಿಕಲ್ ಸಾಮಾನಿನ ಸಣ್ಣ ಅಂಗಡಿ. ಒಂದು ತಿಂಗಳು ವ್ಯಾಪಾರ ಚೆನ್ನಾಗಿರುತ್ತದೆ, ಇನ್ನೊಂದು ತಿಂಗಳು ಬಾಡಿಗೆ ಕಟ್ಟುವುದೇ ಕಷ್ಟ. ಮಗಳು ಮುಂದಿನ ವರ್ಷ ಪಿಯುಸಿ. ಯಾರ ಮಾತು ಸರಿ?
— ಓದುಗರೊಬ್ಬರು, ಜೋಗುಪಾಳ್ಯ

ಉತ್ತರ: ಮೊದಲು ಲೆಕ್ಕ ನೋಡೋಣ, ಆಮೇಲೆ ಇಬ್ಬರ ಮಾತನ್ನೂ ತೂಗೋಣ.

60 ಕಂತು ಕಟ್ಟಿದ ಮೇಲೆ ನಿಮ್ಮ ಸಾಲದಲ್ಲಿ ಸುಮಾರು 26.44 ಲಕ್ಷ ಅಸಲು ಉಳಿದಿರುತ್ತದೆ. ಹಾಗೆಯೇ ಬಿಟ್ಟರೆ ಇನ್ನು 180 ಕಂತು ಕಟ್ಟಬೇಕು, ಅದರಲ್ಲಿ ಬಡ್ಡಿಯೇ 20.42 ಲಕ್ಷ. ಈಗ 5 ಲಕ್ಷ ಕಟ್ಟಿದರೆ ಅಸಲು 21.44 ಲಕ್ಷಕ್ಕೆ ಇಳಿಯುತ್ತದೆ. ಇಲ್ಲಿಯವರೆಗೆ ಎರಡೂ ದಾರಿ ಒಂದೇ.

ಕಂತು ಇಳಿಸಿಕೊಂಡರೆ ಅದೇ 180 ತಿಂಗಳಿಗೆ ಹೊಸ ಕಂತು 21,111 ರೂಪಾಯಿ ಆಗುತ್ತದೆ, ಅಂದರೆ ತಿಂಗಳಿಗೆ 4,924 ಕಡಿಮೆ. ಮುಂದೆ ಕಟ್ಟುವ ಬಡ್ಡಿ 16.56 ಲಕ್ಷ, ಉಳಿತಾಯ 3.86 ಲಕ್ಷ. ಕಂತನ್ನು 26,035ರಲ್ಲೇ ಇಟ್ಟು ಅವಧಿ ಇಳಿಸಿದರೆ 124 ಕಂತಿಗೆ ಸಾಲ ತೀರುತ್ತದೆ. ನಾಲ್ಕು ವರ್ಷ ಎಂಟು ತಿಂಗಳು ಮೊದಲೇ ಮುಗಿಯುತ್ತದೆ, ಬಡ್ಡಿ 10.85 ಲಕ್ಷಕ್ಕೆ ಇಳಿಯುತ್ತದೆ, ಉಳಿತಾಯ ಸುಮಾರು 9.57 ಲಕ್ಷ. ಬಡ್ಡಿ ದರ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ, ಆದರೆ ಎರಡರ ನಡುವಿನ ಅಂತರದ ಸ್ವಭಾವ ಬದಲಾಗುವುದಿಲ್ಲ.

ನಿಮ್ಮ ಭಾವ ಹೇಳುವುದು ಈ ಅಂತರವನ್ನು, 5.71 ಲಕ್ಷವನ್ನು. ಲೆಕ್ಕ ತಪ್ಪಿಲ್ಲ. ಆದರೆ ಈ ಹಣ ಎಲ್ಲಿಂದ ಬಂತು ಎಂಬುದನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಅವಧಿ ಇಳಿಸಿಕೊಂಡವರಿಗೆ ಬ್ಯಾಂಕು ಬಡ್ಡಿಯಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಮೊದಲ ತಿಂಗಳನ್ನೇ ನೋಡಿ. 21.44 ಲಕ್ಷದ ಮೇಲೆ ಒಂದು ತಿಂಗಳ ಬಡ್ಡಿ 15,185 ರೂಪಾಯಿ, ಎರಡೂ ದಾರಿಯಲ್ಲಿ ಒಂದೇ. 21,111 ಕಟ್ಟಿದರೆ ಬಡ್ಡಿ ಹೋಗಿ 5,926 ರೂಪಾಯಿ ಅಸಲಿಗೆ ಸೇರುತ್ತದೆ. 26,035 ಕಟ್ಟಿದರೆ 10,850 ರೂಪಾಯಿ ಸೇರುತ್ತದೆ. ಎರಡನೆಯ ದಾರಿಯಲ್ಲಿ ಸಾಲ ಬೇಗ ಕರಗುವುದಕ್ಕೆ ಕಾರಣ ಇಷ್ಟೇ: ನೀವು ಪ್ರತಿ ತಿಂಗಳೂ 4,924 ರೂಪಾಯಿ ಹೆಚ್ಚು ಕಟ್ಟುತ್ತಿದ್ದೀರಿ. 9.57 ಲಕ್ಷದ ಉಳಿತಾಯ ಆ 5 ಲಕ್ಷ ಒಂದೇ ಮಾಡಿದ ಕೆಲಸವಲ್ಲ. ಅದರ ಜೊತೆಗೆ ಹತ್ತು ವರ್ಷ ನೀವು ತಿಂಗಳು ತಿಂಗಳು ಹಾಕುವ 4,924 ಕೂಡ ಅದರಲ್ಲಿದೆ.

ಹಾಗಾದರೆ ನೀವು ನಿರ್ಧರಿಸಬೇಕಾದದ್ದು ಆ 4,924 ರೂಪಾಯಿಯ ಹಿಡಿತ ಯಾರ ಕೈಯಲ್ಲಿರಬೇಕು ಎಂಬುದನ್ನು. ಅವಧಿ ಇಳಿಸಿದರೆ ಅದು ಕರಾರಿನ ಭಾಗ, ಅಂಗಡಿ ನಡೆಯಲಿ ಬಿಡಲಿ ಕಟ್ಟಲೇಬೇಕು. ಕಂತು ಇಳಿಸಿದರೆ ಅದು ನಿಮ್ಮ ಇಷ್ಟ. ಕಂತು ಇಳಿಸಿಕೊಂಡು, ಉಳಿದ ಆ ಹಣವನ್ನು ಪ್ರತಿ ತಿಂಗಳೂ ಅಸಲಿಗೇ ಕಟ್ಟಿದರೆ ಸಾಲ ಅದೇ 124ನೇ ತಿಂಗಳಿಗೆ ತೀರುತ್ತದೆ, ಬಡ್ಡಿಯೂ ಅಷ್ಟೇ ಉಳಿಯುತ್ತದೆ, ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ.

ನಿಮ್ಮ ಮನೆಗೆ ನಾನು ಹೇಳುವ ದಾರಿ ಇದೇ. ಬ್ಯಾಂಕಿನ ದಾಖಲೆಯಲ್ಲಿ ಕಂತು 21,111 ಇರಲಿ, ನಿಮ್ಮ ಮನೆಯ ಲೆಕ್ಕದಲ್ಲಿ 26,035 ಇರಲಿ. ಕಾರಣ ಹೇಳುತ್ತೇನೆ. ಒಮ್ಮೆ ಅವಧಿ ಮೊಟಕಾದ ಮೇಲೆ, ಅಂಗಡಿಗೆ ನಾಲ್ಕು ತಿಂಗಳು ಕೆಟ್ಟ ಕಾಲ ಬಂದು ಕಂತು ಇಳಿಸಿಕೊಡಿ ಎಂದು ಹೋದರೆ ಬ್ಯಾಂಕು ಒಪ್ಪಲೇಬೇಕೆಂದಿಲ್ಲ. ಒಪ್ಪಿದರೂ ಅದನ್ನು ಸಾಲದ ಮರುಹೊಂದಾಣಿಕೆ ಎಂದು ಪರಿಗಣಿಸಬಹುದು, ಅದು ನಿಮ್ಮ ಸಿಬಿಲ್ ವರದಿಯಲ್ಲೂ ಕಾಣಿಸಿಕೊಳ್ಳಬಹುದು. ಸಣ್ಣ ಕಂತು ಇದ್ದು, ಹೆಚ್ಚಿಗೆ ಕಟ್ಟುವುದನ್ನು ನಾಲ್ಕು ತಿಂಗಳು ನಿಲ್ಲಿಸಿದರೆ ಯಾರ ಅಪ್ಪಣೆಯೂ ಬೇಡ, ಯಾವ ದಾಖಲೆಯಲ್ಲೂ ಅದು ಬರುವುದಿಲ್ಲ. ಅವಧಿಯನ್ನು ಇಳಿಸುವುದು ಯಾವಾಗ ಬೇಕಾದರೂ ಸಾಧ್ಯ, ಹೆಚ್ಚು ಕಟ್ಟಿದರೆ ಆಯಿತು. ಇಳಿಸಿದ ಅವಧಿಯನ್ನು ಮತ್ತೆ ಹಿಗ್ಗಿಸುವುದು ಹಾಗಲ್ಲ.

ಆದರೆ ಇದಕ್ಕೊಂದು ಷರತ್ತಿದೆ, ಅದನ್ನು ಮನಸ್ಸಿಟ್ಟು ಓದಿ. ಆ 4,924 ಮನೆಖರ್ಚಿನಲ್ಲಿ ಕರಗಿಹೋದರೆ ಸಾಲ ಪೂರ್ತಿ 180 ತಿಂಗಳು ನಡೆಯುತ್ತದೆ. ನಿಮಗೆ 61 ತುಂಬುವವರೆಗೆ, ಅಂದರೆ ಸಂಬಳ ನಿಂತ ಮೇಲೂ ಮೂರು ವರ್ಷ ಕಂತು ಕಟ್ಟುತ್ತಿರಬೇಕು. 124 ತಿಂಗಳಿಗೆ ಮುಗಿದರೆ ಆಗ ನಿಮಗೆ 56 ದಾಟಿರುತ್ತದೆ, ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇರುತ್ತದೆ. ಹಾಗಾಗಿ ಸಂಬಳ ಬಂದ ಮರುದಿನವೇ 4,924 ಬೇರೆ ಉಳಿತಾಯ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಹೇಳಿಡಿ. ಕೆಲವು ಬ್ಯಾಂಕುಗಳು ಇಂತಿಷ್ಟಕ್ಕಿಂತ ಕಡಿಮೆ ಮೊತ್ತವನ್ನು ಭಾಗಶಃ ಪಾವತಿಯಾಗಿ ತೆಗೆದುಕೊಳ್ಳುವುದಿಲ್ಲ, ಅಂಥ ಕಡೆ ಆರು ತಿಂಗಳದ್ದು ಸೇರಿಸಿ ಒಮ್ಮೆಗೇ ಕಟ್ಟಿ. ಹಾಗೆ ತಡವಾದದ್ದರಿಂದ ಆಗುವ ನಷ್ಟ ಅತ್ಯಲ್ಪ. ಪ್ರತಿ ಸಲ ಕಟ್ಟಿದಾಗಲೂ ಬ್ಯಾಂಕು ಕಂತನ್ನು ಇನ್ನಷ್ಟು ಇಳಿಸಿದರೆ, ನೀವು ಎತ್ತಿಡುವ ಹಣವನ್ನು ಅಷ್ಟೇ ಏರಿಸಬೇಕು. ಎರಡೂ ಸೇರಿ 26,035 ಇರಬೇಕು, ಆಗ ಮಾತ್ರ ನಾನು ಹೇಳಿದ ಲೆಕ್ಕ ನಿಲ್ಲುತ್ತದೆ. ಒಂದು ವರ್ಷ ಹೀಗೆ ಮಾಡಿ ನೋಡಿ. ದುಡ್ಡು ಕೈಯಲ್ಲಿ ನಿಲ್ಲುತ್ತಿಲ್ಲ ಎನಿಸಿದರೆ ನಾಚಿಕೆ ಪಡದೆ ಬ್ಯಾಂಕಿಗೆ ಹೋಗಿ ಕಂತು ಏರಿಸಿ ಅವಧಿ ಇಳಿಸಿಕೊಡಿ ಎಂದು ಕೇಳಿ. ಆಗ ನಿಮ್ಮ ಭಾವನ ಮಾತೇ ನಿಮ್ಮ ಮನೆಗೆ ಸರಿ.

ಇನ್ನೊಂದು ಮಾತು. ಈ 5 ಲಕ್ಷ ಬಿಟ್ಟರೆ ನಿಮ್ಮಲ್ಲಿ ಬೇರೆ ಉಳಿತಾಯ ಇದೆಯೇ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಪೂರ್ತಿ ಕಟ್ಟಬೇಡಿ. ಆರು ಕಂತಿನಷ್ಟು, ಸುಮಾರು ಒಂದೂವರೆ ಲಕ್ಷ, ಠೇವಣಿಯಲ್ಲಿ ಇಟ್ಟು ಉಳಿದದ್ದನ್ನು ಕಟ್ಟಿ. ಗೃಹಸಾಲಕ್ಕೆ ಹಾಕಿದ ದುಡ್ಡನ್ನು ಸಾಮಾನ್ಯವಾಗಿ ಹಿಂದಕ್ಕೆ ತೆಗೆಯಲಾಗುವುದಿಲ್ಲ. ಆಸ್ಪತ್ರೆಗೆ ಬೇಕೆಂದು ಆಮೇಲೆ ವೈಯಕ್ತಿಕ ಸಾಲ ಮಾಡಿದರೆ ಇದಕ್ಕಿಂತ ಎಷ್ಟೋ ಹೆಚ್ಚಿನ ಬಡ್ಡಿ ತೆರಬೇಕಾಗುತ್ತದೆ.

ಪ್ರಶ್ನೆ: ಮೂರು ತಿಂಗಳ ಹಿಂದೆ ಗೃಹಸಾಲದ ಖಾತೆಗೆ ಆನ್‌ಲೈನ್‌ನಲ್ಲಿ 2 ಲಕ್ಷ ಹಾಕಿದೆ. ಕಂತೂ ಇಳಿದಿಲ್ಲ, ಅವಧಿಯೂ ಇಳಿದಿಲ್ಲ. ಶಾಖೆಯಲ್ಲಿ ಕೇಳಿದರೆ ‘ನಿಮ್ಮ ದುಡ್ಡು ಖಾತೆಯಲ್ಲೇ ಇದೆ’ ಎನ್ನುತ್ತಾರೆ. ಮುಂಗಡ ಕಟ್ಟಿದ್ದಕ್ಕೆ ದಂಡ ಇದೆಯೇ?
— ಓದುಗರು, ಕೆ.ಆರ್. ಪುರ

ಉತ್ತರ: ನಿಮ್ಮ ಹಣ ಬಹುಶಃ ಮುಂಗಡ ಕಂತಿನ ಲೆಕ್ಕಕ್ಕೆ ಹೋಗಿದೆ, ಅಸಲಿಗೆ ಸೇರಿಲ್ಲ. ಸಾಲದ ಖಾತೆಗೆ ಬರೀ ಹಣ ಹಾಕಿದರೆ ಕೆಲವು ಕಡೆ ಹೀಗಾಗುತ್ತದೆ: ಆ ದುಡ್ಡು ಹೆಚ್ಚುವರಿ ಜಮೆಯಾಗಿ ಕುಳಿತಿರುತ್ತದೆ, ಅಸಲು ಕಡಿಮೆಯಾಗಿರುವುದಿಲ್ಲ. ಇದನ್ನು ಪತ್ತೆ ಮಾಡಲು ಖಾತೆಯ ವಿವರಪಟ್ಟಿ ತೆಗೆದು ಬಡ್ಡಿಯ ಸಾಲನ್ನು ನೋಡಿ. ಶೇ. 8.5ರ ದರದಲ್ಲಿ 2 ಲಕ್ಷ ಅಸಲು ಇಳಿದಿದ್ದರೆ ಮರುತಿಂಗಳೇ ಬಡ್ಡಿ 1,400 ರೂಪಾಯಿಗಿಂತ ಹೆಚ್ಚು ಕಡಿಮೆಯಾಗಿರಬೇಕು. ಹಿಂದಿನ ತಿಂಗಳಿಗಿಂತ ಹತ್ತಿಪ್ಪತ್ತು ರೂಪಾಯಿ ಮಾತ್ರ ಇಳಿದಿದ್ದರೆ ಹಣ ಅಸಲಿಗೆ ಹೋಗಿಲ್ಲ ಎಂದೇ ಅರ್ಥ.

ಶಾಖೆಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಸಾಲದ ಖಾತೆ ಸಂಖ್ಯೆ, ಹಣ ಹಾಕಿದ ದಿನ, ಮೊತ್ತ, ‘ಇದನ್ನು ಅಸಲಿನ ಭಾಗಶಃ ಮರುಪಾವತಿಯಾಗಿ ಹಣ ಹಾಕಿದ ದಿನದಿಂದಲೇ ಜಮಾ ಮಾಡಿಕೊಳ್ಳಿ’ ಎಂಬ ಮಾತು, ಕಂತು ಇಳಿಯಬೇಕೋ ಅವಧಿ ಇಳಿಯಬೇಕೋ ಎಂಬ ನಿಮ್ಮ ಆಯ್ಕೆ, ಇಷ್ಟೂ ಅದರಲ್ಲಿರಲಿ. ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ. ಆ ಪಟ್ಟಿಯ ಮೊದಲ ಸಾಲಿನ ಅಸಲು ಮತ್ತು ಕೊನೆಯ ಕಂತಿನ ತಿಂಗಳು, ಇವೆರಡನ್ನು ನೋಡಿದರೆ ಸಾಕು.

ದಂಡದ ಭಯ ಬೇಡ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಮುಂಗಡ ಪಾವತಿಯ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಿಮ್ಮದು ಸ್ಥಿರ ದರದ ಸಾಲವಾಗಿದ್ದರೆ ಮಾತ್ರ ಒಪ್ಪಂದದ ಪತ್ರ ತೆರೆದು ನೋಡಬೇಕು. ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ: ನನ್ನ ಸಾಲದಲ್ಲಿ 36 ಕಂತು, 6 ಲಕ್ಷ ಅಸಲು ಬಾಕಿ. ಕಂತು 18,940, ಬಡ್ಡಿ ಶೇ. 8.5. ನಿವೃತ್ತಿಗೆ ಎರಡೂವರೆ ವರ್ಷವಿದೆ. ಕೈಯಲ್ಲಿ ಒಂದು ಲಕ್ಷ ಇದೆ. ಬ್ಯಾಂಕಿನವರು ಮೊದಲ ವರ್ಷಗಳಲ್ಲೇ ಬಡ್ಡಿ ಎಲ್ಲ ಎಳೆದುಕೊಂಡಿರುತ್ತಾರೆ, ಈಗ ಕಟ್ಟಿ ಏನೂ ಪ್ರಯೋಜನವಿಲ್ಲ ಎನ್ನುತ್ತಾರೆ ಸ್ನೇಹಿತರು.
— ಓದುಗರು, ಹಲಸೂರು

ಉತ್ತರ: ಈ ಮಾತನ್ನು ಬಹಳ ಜನ ನಂಬಿದ್ದಾರೆ, ಅದು ತಪ್ಪು. ಮುಂದಿನ ತಿಂಗಳ ಬಡ್ಡಿಯನ್ನು ಬ್ಯಾಂಕು ಇವತ್ತೇ ತೆಗೆದುಕೊಂಡಿರುವುದಿಲ್ಲ. ಆಯಾ ತಿಂಗಳು ಉಳಿದಿರುವ ಅಸಲಿನ ಮೇಲಷ್ಟೇ ಬಡ್ಡಿ. ಮೊದಲ ವರ್ಷಗಳಲ್ಲಿ ಅಸಲು ದೊಡ್ಡದಿತ್ತು, ಬಡ್ಡಿಯೂ ದೊಡ್ಡದಿತ್ತು. ಈಗ ಕಟ್ಟಿದರೂ ಆ ಒಂದು ಲಕ್ಷದ ಮೇಲಿನ ಶೇ. 8.5 ಬಡ್ಡಿ ಉಳಿಯುತ್ತದೆ, ಉಳಿಯುವ ವರ್ಷಗಳು ಕಡಿಮೆ ಅಷ್ಟೇ.

ಕಂತು ಇಳಿಸಿದರೆ ಉಳಿಯುವುದು ಸುಮಾರು 13,600 ರೂಪಾಯಿ. ಅವಧಿ ಇಳಿಸಿದರೆ ಸುಮಾರು 26,000. ನಿಮಗೆ ಸಂಬಳ ನಿಶ್ಚಿತ, ಅದು ನಿಲ್ಲುವ ದಿನವೂ ನಿಶ್ಚಿತ. ಹಾಗಾಗಿ ಜೋಗುಪಾಳ್ಯದ ಓದುಗರಿಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ, ನೀವು ಅವಧಿಯನ್ನೇ ಇಳಿಸಿ. 29 ಪೂರ್ತಿ ಕಂತು, 30ನೆಯದು ಆರೇಳು ಸಾವಿರದ ಸಣ್ಣ ಕಂತು, ಅಲ್ಲಿಗೆ ಸಾಲ ಮುಗಿಯುತ್ತದೆ. ಕೊನೆಯ ಕಂತು ಕಟ್ಟಿದ ಮೇಲೆ ಋಣಮುಕ್ತ ಪತ್ರವನ್ನೂ ಅಡವಿಟ್ಟ ಮೂಲ ದಾಖಲೆಗಳನ್ನೂ ಕೇಳಿ ತೆಗೆದುಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ದಾಖಲೆಗಳನ್ನು ಹಿಂದಿರುಗಿಸಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.