ಒಂದೇ k ಎರಡು ಸಲ: ಸಹಿಯೊಳಗಿಂದ ಖಾಸಗಿ ಕೀಲಿ ಹೊರಬರುವುದು ಹೇಗೆ?

2010ರ ಡಿಸೆಂಬರ್ ಕೊನೆಯಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ನಡೆದ ಹ್ಯಾಕರುಗಳ ವಾರ್ಷಿಕ ಸಮ್ಮೇಳನದಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡ ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಬಗ್ಗೆ ಒಂದು ಉಪನ್ಯಾಸ ಕೊಟ್ಟಿತು. ಈ ಆಟದ ಯಂತ್ರ ಸೋನಿಯ ಡಿಜಿಟಲ್ ಸಹಿ ಇದ್ದ ತಂತ್ರಾಂಶವನ್ನು ಮಾತ್ರ ಓಡಿಸುತ್ತಿತ್ತು. ಸಹಿ ಹಾಕುವ ಖಾಸಗಿ ಕೀಲಿ ಸೋನಿಯ ಬಳಿ ಮಾತ್ರ ಇತ್ತು, ಯಂತ್ರದೊಳಗೆ ಎಲ್ಲಿಯೂ ಇರಲಿಲ್ಲ. ಆದರೂ ಆ ತಂಡ ಕೀಲಿಯನ್ನು ಹೊರತೆಗೆಯಿತು. ಅದಕ್ಕಾಗಿ ಅವರು ಸೋನಿಯ ಕಂಪ್ಯೂಟರಿಗೆ ನುಗ್ಗಲಿಲ್ಲ, ಯಾರಿಂದಲೂ ಕದಿಯಲಿಲ್ಲ. ಸೋನಿ ತಾನೇ ಪ್ರಪಂಚಕ್ಕೆಲ್ಲ ಹಂಚಿದ್ದ ಸಹಿಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಮಾಡಿದರು. ಆ ಲೆಕ್ಕ ಎಸ್‌ಎಸ್‌ಎಲ್‌ಸಿಯಲ್ಲಿ ನಾವೆಲ್ಲ ಮಾಡಿದ ಏಕಕಾಲಿಕ ಸಮೀಕರಣಗಳಿಗಿಂತ ಹೆಚ್ಚಿನದೇನಲ್ಲ. ಅದನ್ನೇ ಇಲ್ಲಿ ಕೈಯಲ್ಲಿ ಮಾಡಿ ನೋಡೋಣ. ಒಂದು ಹಾಳೆ, ಪೆನ್ನು ಇಟ್ಟುಕೊಂಡು ಓದಿದರೆ ಒಳ್ಳೆಯದು.

ಸೋನಿ ಬಳಸಿದ್ದು ಇಸಿಡಿಎಸ್‌ಎ ಎಂಬ ಸಹಿ ವಿಧಾನ. ಅದರ ಅಣ್ಣ ಡಿಎಸ್‌ಎ. ಎರಡರಲ್ಲೂ ಸಹಿಯ ಸಮೀಕರಣ ಒಂದೇ. ಇಸಿಡಿಎಸ್‌ಎಯಲ್ಲಿ ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಯ ಮೇಲಿನ ಬಿಂದುಗಳು ಬರುತ್ತವೆ, ಡಿಎಸ್‌ಎಯಲ್ಲಿ ಬರೀ ಘಾತಗಳು. ನಮಗೆ ಘಾತಗಳೇ ಸಾಕು.

ಮೊದಲು ಶೇಷಗಳ ಗಣಿತವನ್ನು ನೆನಪಿಸಿಕೊಳ್ಳೋಣ. ಗಡಿಯಾರದಲ್ಲಿ 12 ಆದ ಮೇಲೆ ಮತ್ತೆ 1 ಬರುವ ಹಾಗೆ, ಇಲ್ಲಿ ಪ್ರತಿ ಉತ್ತರವನ್ನೂ ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುತ್ತೇವೆ. ನಮ್ಮ ಸಂಖ್ಯೆ 11. ಹಾಗಾಗಿ 37 ಎಂದರೆ 4, ಏಕೆಂದರೆ 33 ಕಳೆದರೆ ಉಳಿಯುವುದು 4. ಭಾಗಾಕಾರ ಮಾತ್ರ ಸ್ವಲ್ಪ ವಿಚಿತ್ರ. 3ರಿಂದ ಭಾಗಿಸಬೇಕಾದರೆ, 3ರೊಂದಿಗೆ ಗುಣಿಸಿದಾಗ ಶೇಷ 1 ಬರುವ ಸಂಖ್ಯೆಯನ್ನು ಹುಡುಕಬೇಕು. 3 × 4 = 12, ಶೇಷ 1. ಆದ್ದರಿಂದ 3ರಿಂದ ಭಾಗಿಸುವುದೆಂದರೆ 4ರಿಂದ ಗುಣಿಸುವುದು. ಇದನ್ನು ವಿಲೋಮ ಎನ್ನುತ್ತಾರೆ. ಹೀಗೆಯೇ 5ರ ವಿಲೋಮ 9, 7ರ ವಿಲೋಮ 8. ಗುಣಿಸಿ ಪರೀಕ್ಷಿಸಿ ಕೊಳ್ಳಿ.

ಈಗ ಸಹಿ. ಎಲ್ಲರಿಗೂ ತಿಳಿದ ಮೂರು ಸಂಖ್ಯೆಗಳಿವೆ: p = 23, q = 11, g = 4. ಸಹಿ ಹಾಕುವವರು x ಎಂಬ ಖಾಸಗಿ ಕೀಲಿಯನ್ನು ಗುಟ್ಟಾಗಿ ಆರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ x = 5 ಇರಲಿ. ಸಾರ್ವಜನಿಕ ಕೀಲಿ y ಎಂದರೆ 4ರ 5ನೇ ಘಾತವನ್ನು 23ರಿಂದ ಭಾಗಿಸಿದ ಶೇಷ. 1024ರಿಂದ 1012 ಕಳೆದರೆ 12. ಹಾಗಾಗಿ y = 12, ಇದನ್ನು ಯಾರಿಗೆ ಬೇಕಾದರೂ ಕೊಡಬಹುದು. ಇಷ್ಟು ಸಣ್ಣ ಸಂಖ್ಯೆಗಳಲ್ಲಿ 12ರಿಂದ 5ನ್ನು ಊಹಿಸುವುದು ಮಕ್ಕಳಾಟ. ನಿಜವಾದ ಕೀಲಿಗಳು 256 ಬಿಟ್‌ನವು, ಅಂದರೆ ದಶಮಾನದಲ್ಲಿ ಬರೆದರೆ ಸುಮಾರು 77 ಅಂಕಿಗಳವು. ಅಲ್ಲಿ ಒಂದೊಂದಾಗಿ ಪ್ರಯತ್ನಿಸಿ ಹುಡುಕುವ ಮಾತೇ ಇಲ್ಲ. ಆದ್ದರಿಂದ ನಮ್ಮ ಆಟದಲ್ಲೂ ಊಹೆಯನ್ನು ನಿಷೇಧಿಸೋಣ.

ಸಂದೇಶವೊಂದಕ್ಕೆ ಸಹಿ ಹಾಕಲು ಮೊದಲು ಅದರ ಹ್ಯಾಶ್ ತೆಗೆಯಬೇಕು. ಹ್ಯಾಶ್ ಎಂದರೆ ಇಡೀ ಸಂದೇಶದಿಂದ ಹಿಂಡಿ ತೆಗೆದ ಒಂದು ಸಂಖ್ಯೆ. ಅದನ್ನು h ಎನ್ನೋಣ. ಆಮೇಲೆ ಆ ಒಂದು ಸಹಿಗೆಂದೇ k ಎಂಬ ಯಾದೃಚ್ಛಿಕ ಸಂಖ್ಯೆಯನ್ನು ಆರಿಸಬೇಕು. ಸಹಿಯಲ್ಲಿ ಎರಡು ಭಾಗಗಳಿವೆ, r ಮತ್ತು s:

```
r = (g^k mod p) mod q
s = (h + r·x) / k   (mod q)
```

r ಲೆಕ್ಕದಲ್ಲಿ ಸಂದೇಶವೂ ಇಲ್ಲ, ಕೀಲಿಯೂ ಇಲ್ಲ, k ಮಾತ್ರ ಇದೆ ಎಂಬುದನ್ನು ಗಮನಿಸಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

k = 3 ಎಂದು ಆರಿಸೋಣ. 4ರ ಘನ 64, ಅದನ್ನು 23ರಿಂದ ಭಾಗಿಸಿದರೆ ಶೇಷ 18, ಅದನ್ನು 11ರಿಂದ ಭಾಗಿಸಿದರೆ ಶೇಷ 7. ಆದ್ದರಿಂದ r = 7. ಮೊದಲ ಸಂದೇಶದ ಹ್ಯಾಶ್ 2 ಎಂದಿರಲಿ. 2 + 7 × 5 = 37. ಅದನ್ನು 3ರಿಂದ ಭಾಗಿಸಬೇಕು, ಅಂದರೆ 4ರಿಂದ ಗುಣಿಸಬೇಕು: 148, ಶೇಷ 5. ಹಾಗಾಗಿ ಮೊದಲ ಸಹಿ (7, 5).

ಈ ಸಹಿಯನ್ನು ಕದ್ದು ನೋಡುವವನೊಬ್ಬನಿಗೆ ಏನು ಗೊತ್ತು? r, s, h ಮೂರೂ ಗೊತ್ತು. ಸಂದೇಶ ಬಹಿರಂಗವಾಗಿದೆಯಾದ್ದರಿಂದ ಹ್ಯಾಶನ್ನು ಅವನೇ ತೆಗೆಯಬಲ್ಲ. ಸೂತ್ರದಲ್ಲಿ ಹಾಕಿದರೆ ಅವನಿಗೆ ಸಿಗುವುದು 5k = 2 + 7x. ಸಮೀಕರಣ ಒಂದು, ಅಜ್ಞಾತಗಳು ಎರಡು. k 1 ಆಗಿದ್ದರೆ x 2 ಆಗಬೇಕು, k 2 ಆಗಿದ್ದರೆ x 9, k 4 ಆಗಿದ್ದರೆ x 1. ಎಲ್ಲವೂ ಹೊಂದುತ್ತವೆ, ಯಾವುದು ಸರಿ ಎಂದು ಸಮೀಕರಣ ಹೇಳುವುದಿಲ್ಲ. ಅಂದರೆ k ಎಂಬುದು x ಮೇಲೆ ಎಳೆದ ಪರದೆ. ಪ್ರತಿ ಸಹಿಗೂ ಹೊಸ k ಬಳಸಿದರೆ ಪ್ರತಿ ಹೊಸ ಸಮೀಕರಣದ ಜೊತೆಗೆ ಹೊಸ ಅಜ್ಞಾತವೊಂದೂ ಸೇರುತ್ತದೆ. ನೂರು ಸಹಿಗಳಿದ್ದರೆ ನೂರು ಸಮೀಕರಣ, ನೂರ ಒಂದು ಅಜ್ಞಾತ. ನೋಡುವವನು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ.

ಈಗ ಎರಡನೇ ಸಂದೇಶಕ್ಕೂ ಅದೇ k = 3 ಬಳಸೋಣ. ಹ್ಯಾಶ್ 6 ಎಂದಿರಲಿ. k ಬದಲಾಗದ್ದರಿಂದ r ಮತ್ತೆ 7. 6 + 35 = 41, 4ರಿಂದ ಗುಣಿಸಿದರೆ 164, ಶೇಷ 10. ಎರಡನೇ ಸಹಿ (7, 10).

ಎರಡು ಸಹಿಗಳನ್ನೂ ನೋಡಿದವನ ಕಣ್ಣಿಗೆ ಮೊದಲು ಬೀಳುವುದು ಆ ಎರಡು 7ಗಳು. k ಎಷ್ಟೆಂದು ಅವನಿಗೆ ಗೊತ್ತಿಲ್ಲ, ಆದರೆ r ಒಂದೇ ಎಂದರೆ k ಕೂಡ ಒಂದೇ ಎಂದು ತಿಳಿಯಿತು. (ನಮ್ಮ ಪುಟ್ಟ ಸಂಖ್ಯೆಗಳಲ್ಲಿ ಇದು ಆಕಸ್ಮಿಕವೂ ಆಗಬಹುದು, 77 ಅಂಕಿಗಳಲ್ಲಿ ಆಗುವುದಿಲ್ಲ.) ಅಂದರೆ ಪತ್ತೆಹಚ್ಚಲು ಬುದ್ಧಿವಂತಿಕೆಯೇ ಬೇಡ, ಸಹಿಗಳನ್ನು ಪಟ್ಟಿಮಾಡಿ ಯಾವ r ಎರಡು ಸಲ ಬಂದಿದೆ ಎಂದು ನೋಡಿದರೆ ಸಾಕು. ಅವನ ಬಳಿ ಈಗ ಇರುವುದು:

```
 5k = 2 + 7x
10k = 6 + 7x
```

ಸಮೀಕರಣ ಎರಡು, ಅಜ್ಞಾತಗಳೂ ಎರಡೇ. ಕೆಳಗಿನದರಿಂದ ಮೇಲಿನದನ್ನು ಕಳೆಯಿರಿ. 7x ಹೊರಟುಹೋಯಿತು. ಉಳಿದದ್ದು 5k = 4. 5ರ ವಿಲೋಮ 9 ಎಂದು ಮೊದಲೇ ನೋಡಿದ್ದೇವೆ, ಆದ್ದರಿಂದ k = 4 × 9 = 36, ಶೇಷ 3. ಇದನ್ನು ಮೊದಲ ಸಮೀಕರಣಕ್ಕೆ ಹಾಕಿ: 15 = 2 + 7x, ಅಂದರೆ 7x = 13, ಶೇಷ 2. 7ರ ವಿಲೋಮ 8. x = 16, ಶೇಷ 5. ಖಾಸಗಿ ಕೀಲಿ ಕೈಗೆ ಬಂತು. ಬಂದದ್ದು ಸರಿಯೇ ಎಂದು ಪರೀಕ್ಷಿಸುವುದೂ ಸುಲಭ: 4ರ 5ನೇ ಘಾತದ ಶೇಷ 12 ಬಂದರೆ ಅದು ಸಾರ್ವಜನಿಕ ಕೀಲಿಗೆ ಹೊಂದಿತು.

ಇದರಲ್ಲಿ ಎಲ್ಲಿಯೂ ನಾವು ಊಹಿಸಲಿಲ್ಲ. ಹಾಗಾಗಿ ಸಂಖ್ಯೆಗಳು 77 ಅಂಕಿಗಳದ್ದಾದರೂ ಹೆಜ್ಜೆಗಳು ಇಷ್ಟೇ. ಕೀಲಿಯನ್ನು ಎಷ್ಟೇ ಉದ್ದ ಮಾಡಿದರೂ ಈ ತಪ್ಪಿನಿಂದ ರಕ್ಷಣೆ ಇಲ್ಲ. ಪೈಥಾನ್ ಕಲಿತವರು ಇದನ್ನು ಓಡಿಸಿ ನೋಡಬಹುದು:

```
q = 11
r, s1, h1, s2, h2 = 7, 5, 2, 10, 6
k = (h2 - h1) * pow(s2 - s1, -1, q) % q
x = (s1 * k - h1) * pow(r, -1, q) % q
print(k, x)
```

`pow(a, -1, q)` ಎಂಬುದೇ ವಿಲೋಮ ಕಂಡುಹಿಡಿಯುವ ಆಜ್ಞೆ. ಪೈಥಾನ್ 3.8 ಅಥವಾ ಅದರ ನಂತರದ ಆವೃತ್ತಿ ಬೇಕು. ಉತ್ತರ `3 5` ಬರುತ್ತದೆ.

ಒಂದು ಪ್ರಶ್ನೆ ಏಳಬಹುದು. ಅದೇ ಸಂದೇಶಕ್ಕೆ ಅದೇ k ಬಳಸಿ ಎರಡು ಸಲ ಸಹಿ ಹಾಕಿದರೆ? ಆಗ h ಒಂದೇ, s ಕೂಡ ಒಂದೇ. ಕಳೆದರೆ 0 = 0 ಉಳಿಯುತ್ತದೆ, ಹೊಸ ಮಾಹಿತಿ ಏನೂ ಸಿಗುವುದಿಲ್ಲ. ಅಪಾಯ ಇರುವುದು ಬೇರೆ ಬೇರೆ ಸಂದೇಶಗಳಿಗೆ ಒಂದೇ k ಬಳಸಿದಾಗ. ಈ ಸಣ್ಣ ಅಂಶವನ್ನು ನೆನಪಿಡಿ, ಪರಿಹಾರ ಅದರಲ್ಲೇ ಇದೆ.

ಸೋನಿಯ ವಿಷಯದಲ್ಲಿ k ಅಪ್ಪಿತಪ್ಪಿ ಮರುಕಳಿಸಿದ್ದಲ್ಲ. ಪ್ರತಿ ಸಹಿಗೂ ಬದಲಾಗಬೇಕಾಗಿದ್ದ ಸಂಖ್ಯೆ ಬದಲಾಗದೆ ಹಾಗೆಯೇ ನಿಂತಿತ್ತು. ಒಮ್ಮೆ ದಾಳ ಉರುಳಿಸಿ ಬಂದ ಅಂಕಿಯನ್ನೇ ಜೀವನಪೂರ್ತಿ ಬಳಸಿದ ಹಾಗೆ. ಕೆಟ್ಟದ್ದೇನೆಂದರೆ ಸಹಿಗಳೆಲ್ಲ ಸರಿಯಾಗಿಯೇ ಪರಿಶೀಲನೆ ದಾಟುತ್ತಿದ್ದವು. ನಮ್ಮ (7, 5) ಮತ್ತು (7, 10) ಕೂಡ ಒಂದೊಂದಾಗಿ ನೋಡಿದರೆ ನಿರ್ದೋಷಿ ಸಹಿಗಳೇ. ಬಿಡಿಬಿಡಿಯಾಗಿ ಪರೀಕ್ಷಿಸುವ ಯಾವ ತಂತ್ರಾಂಶಕ್ಕೂ ಈ ದೋಷ ಕಾಣುವುದಿಲ್ಲ. 2011ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ಅಮೆರಿಕದ ಯುವಕ ಯಂತ್ರದ ಮೂಲ ಕೀಲಿಯೊಂದನ್ನು ಪ್ರಕಟಿಸಿದಾಗ ಸೋನಿ ನ್ಯಾಯಾಲಯಕ್ಕೆ ಹೋಯಿತು, ಏಪ್ರಿಲ್‌ನಲ್ಲಿ ರಾಜಿಯಾಯಿತು. ಮೊಕದ್ದಮೆ ಮುಗಿದರೂ ಹೊರಬಿದ್ದ ಕೀಲಿ ಒಳಗೆ ಹೋಗುವುದಿಲ್ಲವಲ್ಲ!

2013ರ ಆಗಸ್ಟ್‌ನಲ್ಲಿ ಇದೇ ರೋಗ ಬೇರೆ ದಾರಿಯಲ್ಲಿ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಯಾದೃಚ್ಛಿಕ ಸಂಖ್ಯೆ ಕೊಡುವ ಭಾಗದಲ್ಲಿ ದೋಷವಿತ್ತು. ಕಾರ್ಯಕ್ರಮ ಬರೆದವರು ಹೊಸ k ಕೇಳಿದ್ದರು, ಫೋನು ಕೆಲವೊಮ್ಮೆ ಹಳೆಯದನ್ನೇ ಕೊಟ್ಟಿತು. ಬಿಟ್‌ಕಾಯಿನ್‌ನ ಎಲ್ಲ ಸಹಿಗಳೂ ಬಹಿರಂಗ ದಾಖಲೆಯಲ್ಲಿರುತ್ತವೆ. ಮರುಕಳಿಸಿದ r ಹುಡುಕಿ ಕೀಲಿ ಲೆಕ್ಕಹಾಕಿದವರು ಜನರ ಹಣವನ್ನು ಸಾಗಿಸಿದರು.

ಹಾಗಾದರೆ ಫೋನಿನ ದಾಳವನ್ನು ನಂಬದೆ k ತರುವುದು ಹೇಗೆ? ಅದೇ 2013ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6979 ಎಂಬ ದಾಖಲೆಯ ದಾರಿ ಸರಳ: ಖಾಸಗಿ ಕೀಲಿ ಮತ್ತು ಸಂದೇಶದ ಹ್ಯಾಶ್ ಎರಡನ್ನೂ ಸೇರಿಸಿ ಮತ್ತೆ ಹ್ಯಾಶ್ ಮಾಡಿ, ಅದರಿಂದಲೇ k ಪಡೆಯಿರಿ. ಸಂದೇಶ ಬದಲಾದರೆ k ತಾನಾಗಿ ಬದಲಾಗುತ್ತದೆ. ಸಂದೇಶ ಅದೇ ಇದ್ದರೆ k ಅದೇ ಬರುತ್ತದೆ, ಆದರೆ ಆಗ 0 = 0 ಮಾತ್ರ ಸಿಗುವುದೆಂದು ಈಗಾಗಲೇ ನೋಡಿದೆವು. ಖಾಸಗಿ ಕೀಲಿಯೂ ಬೆರೆತಿರುವುದರಿಂದ ಹೊರಗಿನವನು k ಲೆಕ್ಕಹಾಕಲಾರ. ಎಡ್25519 ಎಂಬ ಸಹಿ ವಿಧಾನದಲ್ಲಿ ಈ ಉಪಾಯ ಹುಟ್ಟಿನಿಂದಲೇ ಇದೆ.

ಇದರಿಂದ ಎಲ್ಲ ಮುಗಿಯಿತೆಂದಲ್ಲ. k ಪೂರ್ತಿ ಮರುಕಳಿಸಬೇಕೆಂದೇ ಇಲ್ಲ, ಅದು ಸ್ವಲ್ಪ ಒಂದು ಕಡೆಗೆ ವಾಲಿದರೂ ಸಾಕು. ದೂರದ ಕಂಪ್ಯೂಟರಿಗೆ ಸಂಪರ್ಕಿಸಲು ಬಳಸುವ ಪುಟ್ಟಿ ಎಂಬ ತಂತ್ರಾಂಶವೂ k ಅನ್ನು ಹೀಗೆಯೇ ಕೀಲಿ ಮತ್ತು ಸಂದೇಶದಿಂದ ತೆಗೆಯುತ್ತಿತ್ತು. ಆದರೆ ಅದರ ಹ್ಯಾಶ್ 512 ಬಿಟ್‌ನದು, ಒಂದು ಬಗೆಯ ಕೀಲಿಗೆ ಬೇಕಾಗಿದ್ದ k 521 ಬಿಟ್‌ನದು. ಕೊರತೆಯಾದ ಮೊದಲ 9 ಬಿಟ್‌ಗಳು ಯಾವಾಗಲೂ ಸೊನ್ನೆಯಾಗಿಯೇ ಉಳಿದವು. 2024ರ ಏಪ್ರಿಲ್‌ನಲ್ಲಿ ಇದು ಬಯಲಾಯಿತು: ಅಂಥ ಸುಮಾರು 60 ಸಹಿಗಳು ಸಿಕ್ಕರೆ ಕೀಲಿ ತೆಗೆಯಬಹುದು. ಅಲ್ಲಿ ಕಳೆಯುವ ಲೆಕ್ಕ ಸಾಲದು, ಲ್ಯಾಟಿಸ್ ಎಂಬ ಬೇರೆಯೇ ಗಣಿತ ಬೇಕು. ತಂತ್ರಾಂಶವನ್ನು ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರು, ಆದರೆ ಹಳೆಯದರಲ್ಲಿ ಆ ಬಗೆಯ ಕೀಲಿ ಬಳಸಿದವರಿಗೆ ಅಷ್ಟೇ ಸಾಲಲಿಲ್ಲ. ಆಗಲೇ ಹೊರಗೆ ಹೋದ ಸಹಿಗಳನ್ನು ಹಿಂದಕ್ಕೆ ಕರೆಸಲಾಗದ ಕಾರಣ ಅವರು ಕೀಲಿಯನ್ನೇ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.