ನಿಲ್ಲಿಸುವುದನ್ನು ಮೊದಲು ಕಲಿಯೋಣ

ಎಲ್‌ಎಲ್ ಕೈಗೆ ಬಂದ ಹೊಸಬರಿಗೆ ಮಂಡ್ಯ ಸೀಮೆಯಲ್ಲಿ ನಾನು ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮೊದಲ ದಿನ ಕೇಳುವುದು ಗೇರು, ಕ್ಲಚ್ಚು, ಗಾಡಿ ಆಫ್ ಆಗದ ಹಾಗೆ ಹೊರಡಿಸುವುದು ಹೇಗೆ ಎಂದು. ಅದನ್ನು ಎರಡು ದಿನದಲ್ಲಿ ಕೈಯೇ ಕಲಿತುಬಿಡುತ್ತದೆ. ಗಾಡಿ ನಿಲ್ಲಿಸುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದ್ದರಿಂದ ನನ್ನ ಪಾಠದ ಐದು ಸ್ಲೈಡುಗಳೂ ಅದರ ಬಗ್ಗೆಯೇ. ಒಂದೊಂದರಲ್ಲಿಯೂ ಎಡಗಡೆ ಒಂದು ಅಭ್ಯಾಸ, ಬಲಗಡೆ ಅದು ತಪ್ಪಿಸುವ ಅಪಾಯ. ಇಲ್ಲಿ ಅವನ್ನೇ ಬಿಡಿಸಿ ಹೇಳುತ್ತೇನೆ.

ಮೊದಲ ಸ್ಲೈಡು. ಎಡಗಡೆ: ಊರೊಳಗೆ 40ಕ್ಕಿಂತ ಹೆಚ್ಚು ಬೇಡ. ಬಲಗಡೆ: ಅಡ್ಡ ಬಂದ ಮಗುವಿಗೆ ಗುದ್ದುವುದು.

40ಕ್ಕೂ 60ಕ್ಕೂ ದೊಡ್ಡ ವ್ಯತ್ಯಾಸವಿದೆ ಎಂದು ಗಾಡಿಯ ಮೇಲೆ ಕೂತವರಿಗೆ ಅನ್ನಿಸುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ರಸ್ತೆ ಬದಿಯ ಮನೆಯಿಂದ ಚೆಂಡಿನ ಹಿಂದೆ ಒಂದು ಮಗು ಓಡಿ ಬಂತು ಎಂದುಕೊಳ್ಳಿ. ಕಣ್ಣು ಅದನ್ನು ಕಂಡು, ಮನಸ್ಸಿಗೆ ತಿಳಿದು, ಬೆರಳು ಬ್ರೇಕನ್ನು ಹಿಡಿಯುವ ಹೊತ್ತಿಗೆ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಅಂದರೆ ಬ್ರೇಕು ಹಿಡಿಯುವ ಮೊದಲೇ 11 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ಎರಡೂ ಬ್ರೇಕು ಚೆನ್ನಾಗಿ ಹಿಡಿದರೆ ನಿಲ್ಲಲು ಇನ್ನೊಂದು 12 ಮೀಟರ್ ಬೇಕು. ಒಟ್ಟು 23 ಮೀಟರ್ ಆಸುಪಾಸು.

ಈಗ ಅದೇ ರಸ್ತೆ, ಅದೇ ಗಾಡಿ, ಅದೇ ಬ್ರೇಕು, ವೇಗ ಮಾತ್ರ 60. ಬ್ರೇಕಿಗೆ ಕೈ ಹೋಗುವಷ್ಟರಲ್ಲೇ ಸುಮಾರು 17 ಮೀಟರ್ ಮುಗಿದಿರುತ್ತದೆ. ಅಲ್ಲಿಂದ ನಿಲ್ಲಲು 28 ಮೀಟರ್ ಬೇಕು, ಒಟ್ಟು 45. ವೇಗ ಒಂದೂವರೆ ಪಟ್ಟಾದರೆ ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟು. ಇದಕ್ಕಿಂತ ನನ್ನನ್ನು ಕಾಡುವ ಲೆಕ್ಕ ಇನ್ನೊಂದಿದೆ. 40ರಲ್ಲಿ ಬಂದವರು ಮಗುವಿನ ಮುಂದೆ ಪೂರ್ತಿ ನಿಂತ ಆ 23ನೇ ಮೀಟರಿನಲ್ಲಿ, 60ರಲ್ಲಿ ಬಂದವರು ಬ್ರೇಕು ಹಿಡಿಯಲು ಶುರುಮಾಡಿ ಆರೇಳು ಮೀಟರ್ ಆಗಿದೆ ಅಷ್ಟೆ. ಅವರ ಗಾಡಿಯ ವೇಗ ಆಗಲೂ 50 ದಾಟಿರುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಮಗುವನ್ನು ಕಂಡವರು, ಇಬ್ಬರೂ ಬ್ರೇಕು ಹಾಕಿದವರು.

ಎರಡನೇ ಸ್ಲೈಡು. ಎಡಗಡೆ: ಎರಡೂ ಬ್ರೇಕು ಒಟ್ಟಿಗೆ, ಮುಂದಿನದನ್ನು ಒತ್ತುತ್ತಾ ಒತ್ತುತ್ತಾ. ಬಲಗಡೆ: ಹಿಂದಿನ ಚಕ್ರ ಜಾರಿ ಬೀಳುವುದು.

ಈ ಸ್ಲೈಡು ಬಂದಾಗ ಪ್ರತಿ ಸಲವೂ ಯಾರಾದರೊಬ್ಬರು ಕೈ ಎತ್ತುತ್ತಾರೆ. "ಮೇಡಂ, ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀವಿ ಅಂತ ನಮ್ಮಣ್ಣ ಹೇಳ್ಯವ್ನೆ." ಆ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜವಿದೆ. ತಟ್ಟನೆ ಹಿಂಡಿದರೆ ಮುಂದಿನ ಚಕ್ರ ಜಾಮ್ ಆಗಿ ಬೀಳುತ್ತೇವೆ. ಆದರೆ ಅದಕ್ಕೆ ಹೆದರಿ ಮುಂದಿನ ಬ್ರೇಕನ್ನೇ ಮುಟ್ಟದವರು ಗಾಡಿಯ ದೊಡ್ಡ ಬ್ರೇಕನ್ನು ಬಿಟ್ಟು ಸಣ್ಣದನ್ನು ನಂಬಿದ ಹಾಗಾಯಿತು.

ಬಸ್ಸಿನಲ್ಲಿ ನಿಂತು ಹೋಗುವಾಗ ಡ್ರೈವರ್ ಬ್ರೇಕು ಹಾಕಿದರೆ ನಾವೆಲ್ಲ ಮುಂದಕ್ಕೆ ವಾಲುತ್ತೇವಲ್ಲ, ಬೈಕಿನಲ್ಲಿಯೂ ಅದೇ ಆಗುತ್ತದೆ. ಬ್ರೇಕು ಹಾಕಿದೊಡನೆ ಭಾರ ಮುಂದಿನ ಚಕ್ರದ ಮೇಲೆ ಬರುತ್ತದೆ. ಭಾರ ಬಿದ್ದ ಟೈರು ರಸ್ತೆಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನ ಬ್ರೇಕನ್ನೇ ಜೋರಾಗಿ ತುಳಿದರೆ ಆ ಚಕ್ರ ತಿರುಗುವುದು ನಿಂತು, ಉಜ್ಜಿಕೊಂಡು ಜಾರುತ್ತದೆ. ಕಿರ್ರೆಂಬ ಸದ್ದು, ಗಾಡಿಯ ಹಿಂಭಾಗ ಅತ್ತಿತ್ತ ಆಡುವುದು, ಇವೇ ಅದರ ಗುರುತು. ಆಗ ಹಿಂದಿನ ಬ್ರೇಕನ್ನು ತುಸು ಸಡಿಲಿಸಬೇಕು. ಹಿಂದಿನದೊಂದನ್ನೇ ಹಿಡಿದರೆ 12 ಮೀಟರಿನಲ್ಲಿ ನಿಲ್ಲಬೇಕಾದ ಗಾಡಿ ಸುಮಾರು 20 ಮೀಟರ್ ತೆಗೆದುಕೊಳ್ಳುತ್ತದೆ.

ಬೈಕಿನಲ್ಲಿ ಮುಂದಿನ ಬ್ರೇಕು ಬಲಗೈಗೆ, ಹಿಂದಿನದು ಬಲಗಾಲಿಗೆ. ಗೇರಿಲ್ಲದ ಸ್ಕೂಟರಿನಲ್ಲಿ ಬಲಗೈ ಮುಂದಿನದು, ಎಡಗೈ ಹಿಂದಿನದು. ಮುಂದಿನದನ್ನು ಎರಡು ಹೆಜ್ಜೆಯಲ್ಲಿ ಹಿಡಿಯಬೇಕು. ಮೊದಲು ಮೆಲ್ಲಗೆ ಒತ್ತಿ, ಗಾಡಿಯ ಮೂತಿ ತಗ್ಗುವುದು ಕೈಗೆ ಗೊತ್ತಾಗಲಿ. ಭಾರ ಮುಂದೆ ಬಂದ ಮೇಲೆ ಒತ್ತಡ ಹೆಚ್ಚಿಸಿ. ಇದಕ್ಕೆ ಅರ್ಧ ಸೆಕೆಂಡೂ ಬೇಡ, ಆದರೆ ಆ ಅರ್ಧ ಸೆಕೆಂಡೇ ಪಲ್ಟಿಗೂ ನಿಲ್ಲುವುದಕ್ಕೂ ನಡುವಿನ ವ್ಯತ್ಯಾಸ.

ನಿಮ್ಮ ಗಾಡಿಯಲ್ಲಿ ಏನಿದೆ ಎಂದೂ ತಿಳಿದುಕೊಳ್ಳಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಗಾಡಿಗಳಲ್ಲಿ 125 ಸಿಸಿ ಮೀರಿದವಕ್ಕೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಇರಬೇಕು ಎಂದಾಯಿತು. ಎರಡೂ ಒಂದೇ ಎಂದುಕೊಂಡವರು ಬಹಳ ಮಂದಿ. ಚಕ್ರ ಜಾಮ್ ಆಗದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ಅದು ಕೆಲಸ ಮಾಡುವಾಗ ಬ್ರೇಕಿನ ಹಿಡಿಯಲ್ಲಿ ನಾಡಿ ಮಿಡಿದಂತೆ ಆಗುತ್ತದೆ, ಹೆದರಿ ಕೈ ಬಿಡಬೇಡಿ. ಸಿಬಿಎಸ್ ಹಿಂದಿನ ಬ್ರೇಕು ಹಿಡಿದಾಗ ಮುಂದಿನದನ್ನೂ ಸ್ವಲ್ಪ ಎಳೆಯುತ್ತದೆ ಅಷ್ಟೆ, ಚಕ್ರ ಜಾಮ್ ಆಗುವುದನ್ನು ತಡೆಯುವುದಿಲ್ಲ. ಎಬಿಎಸ್ ಇದ್ದರೂ ಅದು ಸಿಂಗಲ್ ಚಾನೆಲ್ ಆದರೆ ಕಾಯುವುದು ಮುಂದಿನ ಚಕ್ರವನ್ನು ಮಾತ್ರ.

ಮೂರನೇ ಸ್ಲೈಡು. ಎಡಗಡೆ: ಬ್ರೇಕು ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ. ಬಲಗಡೆ: ವಾಲಿದ ಗಾಡಿ ಕಾಲಡಿಯಿಂದ ಜಾರಿಹೋಗುವುದು.

ಟೈರಿನ ಹಿಡಿತವನ್ನು ಒಂದು ಸೇರು ರಾಗಿ ಎಂದುಕೊಳ್ಳಿ. ಗಾಡಿ ತಿರುಗುವುದಕ್ಕೂ ಅದರಿಂದಲೇ ತೆಗೆಯಬೇಕು, ನಿಲ್ಲುವುದಕ್ಕೂ ಅದರಿಂದಲೇ. ತಿರುವು ಹೆಚ್ಚು ತಿಂದರೆ ಬ್ರೇಕಿಗೆ ಉಳಿಯುವುದು ಕಡಿಮೆ. ಇನ್ನು ಮೊದಲ ಮಳೆ ಬಿದ್ದ ದಿನ, ಬೇಸಿಗೆಯಿಡೀ ರಸ್ತೆಗೆ ಅಂಟಿದ ಎಣ್ಣೆ ಧೂಳು ನೆನೆದು ಮೇಲೆದ್ದಾಗ, ಸೇರು ಅಚ್ಚೇರಾಗಿರುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟೆ, ತಿರುವಿನಲ್ಲಿ ಚೆಲ್ಲಿದ ಜಲ್ಲಿ ಎಲ್ಲವೂ ಅಳತೆಯನ್ನು ಇಳಿಸುತ್ತವೆ.

ನಮ್ಮ ಕಡೆ ಸುಗ್ಗಿಯಲ್ಲಿ ಇನ್ನೊಂದಿದೆ, ಯಾವ ಊರಿನ ರೂಲ್ಸ್ ಪುಸ್ತಕದಲ್ಲೂ ನಾನು ಕಂಡಿಲ್ಲ. ಡಾಂಬರು ರಸ್ತೆಯೇ ಕಣವಾಗುತ್ತದೆ. ರಾಗಿ, ಹುರುಳಿ ಹರಡಿರುತ್ತಾರೆ. ಹುರುಳಿ ಕಾಳು ಟೈರಿನಡಿ ಉರುಳುತ್ತದೆ, ಒಣಗಿದ ಹುರುಳಿ ಬಳ್ಳಿ ಚಕ್ರಕ್ಕೂ ಚೈನಿಗೂ ಸುತ್ತಿಕೊಳ್ಳುತ್ತದೆ. ದೂರದಿಂದಲೇ ಕಂಡರೆ ಅದರ ಮೇಲೆ ಹತ್ತುವ ಮೊದಲೇ ವೇಗ ಪೂರ್ತಿ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು ಬ್ರೇಕು ಮುಟ್ಟದೆ ದಾಟಿ. ಬಳ್ಳಿ ಮಂದವಾಗಿ ಹರಡಿದ್ದರೆ ಇಳಿದು ಗಾಡಿಯನ್ನು ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ರಾಶಿ ಮಾಡುವವರ ಕಷ್ಟ ನನಗೂ ಗೊತ್ತು, ನಾನೂ ಕಣ ಕಂಡು ಬೆಳೆದವಳು. ಆದರೂ ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂದೇ ಹೇಳುತ್ತೇನೆ.

ನಾಲ್ಕನೇ ಸ್ಲೈಡು. ಎಡಗಡೆ: ರಾತ್ರಿ ದೀಪ ತೋರಿಸುವಷ್ಟೇ ವೇಗ. ಬಲಗಡೆ: ನಿಂತ ಟ್ರೈಲರಿಗೆ ಹಿಂದಿನಿಂದ ಗುದ್ದುವುದು.

ಹಗಲಿನಲ್ಲಿ ಮುಂದಿನ ಗಾಡಿಯಿಂದ ಎರಡು ಸೆಕೆಂಡಿನ ಅಂತರ ಸಾಕು. ಅದು ಒಂದು ಕರೆಂಟ್ ಕಂಬ ದಾಟಿದಾಗ "ಒಂದು ಸಾವಿರ, ಎರಡು ಸಾವಿರ" ಎಂದು ನಿಧಾನವಾಗಿ ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬ ಮುಟ್ಟಿದರೆ ತೀರಾ ಹತ್ತಿರವಿದ್ದೀರಿ. ಮಳೆಯಲ್ಲಿ ನಾಲ್ಕು ಎಣಿಸಿ.

ಆದರೆ ಈ ಎಣಿಕೆ ಓಡುತ್ತಿರುವ ಗಾಡಿಗೆ. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಹತ್ತಕ್ಕೆ ಪಂಕ್ಚರ್ ಆಗಿ ನಿಂತ ಟ್ರ್ಯಾಕ್ಟರಿನ ಹಿಂದೆ ಕೆಂಪು ದೀಪವೂ ಇರುವುದಿಲ್ಲ, ಮಿನುಗುವ ಸ್ಟಿಕ್ಕರೂ ಇರುವುದಿಲ್ಲ, ಇದ್ದರೂ ಕಬ್ಬಿನ ಸೋಗೆ ಇಳಿಬಿದ್ದು ಮುಚ್ಚಿರುತ್ತದೆ. ಒಮ್ಮೆ ಕತ್ತಲ ರಸ್ತೆಯ ಬದಿಯಲ್ಲಿ ಬೈಕು ನಿಲ್ಲಿಸಿ, ಡಿಮ್ ಲೈಟು ಹಾಕಿ, ಒಬ್ಬ ಹುಡುಗನಿಗೆ ಕರಿ ಕಂಬಳಿ ಹೊದಿಸಿ ಮುಂದಕ್ಕೆ ನಡೆಯಲು ಹೇಳಿದೆವು. ಸುಮಾರು 35 ಮೀಟರ್ ಆಗುವಷ್ಟರಲ್ಲಿ ಅವನು ಕತ್ತಲಲ್ಲಿ ಕರಗಿಹೋದ. ನಿಮ್ಮ ಗಾಡಿಯಲ್ಲಿ ನೀವೂ ಅಳೆದು ನೋಡಿ. 60ರಲ್ಲಿ ನಿಲ್ಲಲು 45 ಮೀಟರ್ ಬೇಕು ಎಂದು ಮೊದಲ ಸ್ಲೈಡಿನಲ್ಲಿ ಕಂಡೆವು. ಅಂದರೆ ಕಂಬಳಿ ಕಣ್ಣಿಗೆ ಬಿದ್ದ ಮೇಲೆ ಏನು ಮಾಡಿದರೂ ಗುದ್ದುವುದೇ. 40ರಲ್ಲಿ ಮಾತ್ರ 10 ಮೀಟರಿಗಿಂತ ಹೆಚ್ಚು ಉಳಿಯುತ್ತದೆ. ಎದುರಿನಿಂದ ಹೈ ಬೀಮ್ ಹಾಕಿ ಯಾರಾದರೂ ಬಂದರೆ ಅದೂ ಉಳಿಯುವುದಿಲ್ಲ. ಆಗ ಆ ದೀಪವನ್ನು ನೋಡದೆ ರಸ್ತೆಯ ಎಡ ಅಂಚನ್ನು ನೋಡುತ್ತಾ ಇನ್ನೂ ನಿಧಾನ ಮಾಡಬೇಕು.

ಐದನೇ ಸ್ಲೈಡು. ಎಡಗಡೆ: ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಲಿ. ಬಲಗಡೆ: ಬೀಳುವ ಮೊದಲೇ ಹೆಲ್ಮೆಟ್ ಹಾರಿಹೋಗುವುದು.

ನಿಲ್ಲಿಸಲು ಆಗದೇ ಹೋದಾಗ ಉಳಿಯುವುದು ಇದೊಂದೇ. ಹೊರಗಿನ ಗಟ್ಟಿ ಚಿಪ್ಪಿಗಿಂತ ಮುಖ್ಯವಾದದ್ದು ಒಳಗಿನ ಥರ್ಮೋಕೋಲಿನಂಥ ಪದರ. ತಲೆ ಬಡಿದಾಗ ಅದು ಜಜ್ಜಿಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಬಿದ್ದು ಪೆಟ್ಟಾದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಟೋಪಿಯಂಥ ಅಗ್ಗದ ಹೆಲ್ಮೆಟ್ಟಿನಲ್ಲಿ ಆ ಪದರವೇ ಇರುವುದಿಲ್ಲ. ಐಎಸ್ಐ ಗುರುತಿನ ಜೊತೆ IS 4151 ಎಂದಿರುವುದನ್ನು ನೋಡಿ ಕೊಳ್ಳಿ.

ಪಟ್ಟಿ ಬಿಗಿದ ಮೇಲೆ ಗದ್ದದ ಕೆಳಗೆ ಎರಡು ಬೆರಳು ಮಾತ್ರ ತೂರಬೇಕು. ಹಿಂದಿನಿಂದ ಯಾರಾದರೂ ಹೆಲ್ಮೆಟ್ಟನ್ನು ಮೇಲೆತ್ತಿ ಮುಂದಕ್ಕೆ ಉರುಳಿಸಲು ನೋಡಲಿ, ಕಳಚಿ ಬಂದರೆ ಅಳತೆ ಸರಿಯಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ಹೆಲ್ಮೆಟ್ ಎಂದರೆ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದದ್ದು. ಹಾಗಾಗಿ ಪಟ್ಟಿ ಹಾಕದವರು ಕಾನೂನಿನ ಕಣ್ಣಿನಲ್ಲಿಯೂ ಹೆಲ್ಮೆಟ್ ಹಾಕದವರೇ. ಹಿಂದೆ ಕೂತ ಅಮ್ಮನಿಗೂ ಇದೇ ಮಾತು. ಕರ್ನಾಟಕದಲ್ಲಿ 2016ರಿಂದ ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯ.

ಸ್ಲೈಡು ಮುಗಿದ ಮೇಲೆ ಮೈದಾನಕ್ಕೆ ಹೋಗುತ್ತೇವೆ. ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆಯುತ್ತೇನೆ. ಹೆಲ್ಮೆಟ್ ಬಿಗಿದುಕೊಂಡು 25ರ ವೇಗದಲ್ಲಿ ಬಂದು, ಗೆರೆ ಮುಟ್ಟಿದ ತಕ್ಷಣ ಬ್ರೇಕು ಹಿಡಿಯಬೇಕು. ಮೊದಲು ಹಿಂದಿನದೊಂದೇ, ಆಮೇಲೆ ಎರಡೂ. ಪ್ರತಿ ಸಲ ನಿಂತ ಜಾಗದವರೆಗೆ ಅವರೇ ಹೆಜ್ಜೆ ಎಣಿಸುತ್ತಾರೆ. ಗಟ್ಟಿ ನೆಲದಲ್ಲಿ ಹಿಂದಿನದೊಂದಕ್ಕೆ ಹತ್ತು ಹನ್ನೊಂದು ಹೆಜ್ಜೆ ಆದರೆ ಎರಡಕ್ಕೂ ಸೇರಿ ಆರೇಳು ಬರುತ್ತದೆ. ಮೊದಲ ದಿನ ಹೆಚ್ಚಿನವರಿಗೆ ಆರೇಳು ಬರುವುದಿಲ್ಲ, ಎಂಟೋ ಒಂಬತ್ತೋ ಆಗುತ್ತದೆ. ಆರೇಳು ಬರುವವರೆಗೂ ಶನಿವಾರ ಶನಿವಾರ ಬನ್ನಿ, ಗೆರೆ ಎಳೆದಿಟ್ಟಿರುತ್ತೇನೆ.