ಮಾವ ಕಳಿಸಿದ ಹನ್ನೆರಡು ಲಕ್ಷಕ್ಕೆ ಒಂದು ವಿವರಣೆ ಪತ್ರ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಮನೆಗಳಿಂದ ಮಕ್ಕಳು ಹೊರದೇಶಕ್ಕೆ ಓದಲು ಹೊರಟಾಗ ಖರ್ಚಿನ ಹಣ ಒಂದೇ ಕಡೆಯಿಂದ ಬರುವುದು ಅಪರೂಪ. ಸ್ವಲ್ಪ ಬ್ಯಾಂಕಿನ ಸಾಲ, ಸ್ವಲ್ಪ ಅಡಿಕೆಯ ದುಡ್ಡು, ಉಳಿದದ್ದು ಗಲ್ಫಿನಲ್ಲಿರುವ ಮಾವನೋ ಚಿಕ್ಕಪ್ಪನೋ ಕಳಿಸಿದ್ದು. ಮನೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ವೀಸಾ ಅಧಿಕಾರಿಗೆ ಕಾಣುವುದೇ ಬೇರೆ. ಐದು ತಿಂಗಳು ನಲವತ್ತು ಐವತ್ತು ಸಾವಿರದ ಸುತ್ತ ಆಡುತ್ತಿದ್ದ ಖಾತೆಗೆ ಆರನೆಯ ತಿಂಗಳು ಒಮ್ಮೆಲೇ ಹನ್ನೆರಡು ಲಕ್ಷ ಬಂದು ಕೂತಿದೆ. ಈ ಹಣ ನಿಜಕ್ಕೂ ಇವರದೇ, ಅಥವಾ ತೋರಿಸಲು ತಂದು ಆಮೇಲೆ ಹಿಂದಿರುಗಿಸುವುದೇ? ಈ ಪ್ರಶ್ನೆಗೆ ಉತ್ತರವಾಗಿ ಬರೆಯುವುದೇ ಹಣದ ಮೂಲ ವಿವರಣೆಯ ಪತ್ರ.

ಒಂದು ಉದಾಹರಣೆ ಹಿಡಿದು ನೋಡೋಣ. ಬೆಳ್ತಂಗಡಿ ತಾಲೂಕಿನ ಹುಡುಗಿಯೊಬ್ಬಳಿಗೆ ಐರ್ಲೆಂಡಿನಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ ಎಂದುಕೊಳ್ಳಿ. ಕಾಲೇಜಿನ ಶುಲ್ಕ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುತ್ತದೆ. ಅಲ್ಲಿ ಬದುಕುವ ಖರ್ಚಿಗೆ ವರ್ಷಕ್ಕೆ 10,000 ಯೂರೋ ಕೈಯಲ್ಲಿದೆ ಎಂದು ತೋರಿಸಬೇಕು. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಹತ್ತು ಲಕ್ಷವಾಯಿತು. ಅಮ್ಮನ ತಮ್ಮ ದುಬೈಯಲ್ಲಿ ಕೆಲಸದಲ್ಲಿದ್ದಾರೆ. ಜೂನ್ 10ರಂದು ಅವರು ತಮ್ಮ ಎನ್‌ಆರ್‌ಇ ಖಾತೆಯಿಂದ ಸೊಸೆಯ ಖಾತೆಗೆ ಆರ್‌ಟಿಜಿಎಸ್ ಮೂಲಕ ಹನ್ನೆರಡು ಲಕ್ಷ ಹಾಕಿದರು. ಐರ್ಲೆಂಡಿನವರು ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅದರಲ್ಲಿ ದೊಡ್ಡ ಜಮೆ ಇದ್ದರೆ ಎಲ್ಲಿಂದ ಬಂತೆಂದು ವಿವರಿಸಬೇಕು.

ಮೊದಲ ಸಲ ಬರೆಯುವವರು ಸಾಮಾನ್ಯವಾಗಿ ಇಲ್ಲಿ ಒಂದು ಭಾವುಕ ಪತ್ರ ಬರೆಯುತ್ತಾರೆ. ಮಾವನಿಗೆ ಸೊಸೆಯ ಮೇಲೆ ಎಷ್ಟು ಪ್ರೀತಿ, ಓದಿನ ಮೇಲೆ ಎಷ್ಟು ಗೌರವ ಎಂದು ಎರಡು ಪುಟ. ಅಧಿಕಾರಿಗೆ ಅದರಿಂದ ಪ್ರಯೋಜನವಿಲ್ಲ. ಪತ್ರ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಸ್ಟೇಟ್‌ಮೆಂಟಿನ ಯಾವ ಸಾಲನ್ನು ಯಾವ ಕಾಗದದ ಜೊತೆ ಇಟ್ಟು ಓದಬೇಕು ಎಂದು ತೋರಿಸುವುದಷ್ಟೇ ಅದರ ಕೆಲಸ. ಒಂದು ಪುಟ ಧಾರಾಳ ಸಾಕು.

ಆ ಒಂದು ಪುಟದಲ್ಲಿ ಮೂರು ಸಂಗತಿ ಬರಬೇಕು: ಕೊಟ್ಟವರು ಯಾರು, ಅವರಿಗೆ ಆ ಹಣ ಎಲ್ಲಿಂದ ಬಂತು, ಅದು ಯಾವ ದಾರಿಯಲ್ಲಿ ಇಲ್ಲಿಗೆ ಸೇರಿತು. ಜನ ಎಡವುವುದು ಎರಡನೆಯದರಲ್ಲಿ. ನಮ್ಮ ಉದಾಹರಣೆಯಲ್ಲಿ ಮಾವನ ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟನ್ನೂ ಲಗತ್ತಿಸಿದ್ದಾಯಿತು. ಅದನ್ನು ತೆರೆದರೆ ಜೂನ್ 8ರಂದು ಅಲ್ಲೂ ಹದಿನೈದು ಲಕ್ಷ ಒಮ್ಮೆಲೇ ಜಮೆಯಾಗಿದೆ. ಪ್ರಶ್ನೆ ಮುಗಿಯಲಿಲ್ಲ, ಸೊಸೆಯ ಖಾತೆಯಿಂದ ಮಾವನ ಖಾತೆಗೆ ದಾಟಿತು ಅಷ್ಟೆ. ಅದು ಅವಧಿ ಮುಗಿದ ಎಫ್‌ಡಿಯ ಹಣ. ಹಾಗಾದರೆ ಎಫ್‌ಡಿ ರಶೀದಿ ಬೇಕು, ಅದು ಮುಗಿದು ಖಾತೆಗೆ ಬಂದದ್ದನ್ನು ತೋರಿಸುವ ಬ್ಯಾಂಕಿನ ಕಾಗದ ಬೇಕು, ಆ ಎಫ್‌ಡಿ ಸಂಬಳದ ಉಳಿತಾಯದಿಂದ ಆದದ್ದು ಎನ್ನಲು ಕಂಪನಿಯ ಸಂಬಳ ಪ್ರಮಾಣಪತ್ರ ಬೇಕು. ಸಂಬಳ, ವ್ಯಾಪಾರ, ಜಮೀನು ಮಾರಾಟ, ಬೆಳೆ, ಹೀಗೆ ಯಾವುದಾದರೊಂದು ನಿಜವಾದ ಮೂಲ ಸಿಗುವವರೆಗೆ ಹಿಂದಕ್ಕೆ ಹೋಗಬೇಕು, ಅಲ್ಲಿ ನಿಲ್ಲಬಹುದು.

ದುಬೈಯವರ ಕಾಗದಗಳಲ್ಲಿ ಆದಾಯ ತೆರಿಗೆ ರಿಟರ್ನ್ ಇರುವುದಿಲ್ಲ. ಯುಎಇಯಲ್ಲಿ ವ್ಯಕ್ತಿಗಳ ಸಂಬಳಕ್ಕೆ ತೆರಿಗೆಯೇ ಇಲ್ಲ. ಇದನ್ನು ಪತ್ರದಲ್ಲಿ ಒಂದು ವಾಕ್ಯವಾಗಿ ಬರೆದುಬಿಡಿ. ರಿಟರ್ನ್ ಎಲ್ಲಿ ಎಂದು ಹುಡುಕುವ ಕಷ್ಟ ಅಧಿಕಾರಿಗೆ ತಪ್ಪುತ್ತದೆ.

ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಬರುವ ಒಂದು ತೊಡಕೂ ಇದೆ. ಇಲ್ಲಿಯ ಹಳೆಯ ಠೇವಣಿಗಳಲ್ಲಿ ಎಷ್ಟೋ ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಹೆಸರಿನಲ್ಲಿವೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ ಸೇರಿದವು. ರಶೀದಿಯಲ್ಲಿ ಒಂದು ಬ್ಯಾಂಕು, ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಬ್ಯಾಂಕು ಕಂಡರೆ ವೀಸಾ ಅಧಿಕಾರಿಗೆ ತಾಳೆಯಾಗುವುದಿಲ್ಲ. ಅದಕ್ಕೂ ಒಂದು ಸಾಲು ಬರೆಯಿರಿ.

ಇನ್ನು ಸಂಬಂಧ. ಬರೇ ‘ಅಂಕಲ್’ ಎಂದರೆ ಸಾಲದು. ತಾಯಿಯ ಒಡಹುಟ್ಟಿದ ತಮ್ಮ ಎಂದೇ ಹೇಳಿ, ತೋರಿಸಿ. ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರಿರುತ್ತದೆ. ಹುಡುಗಿಯ ಪಾಸ್‌ಪೋರ್ಟಿನಲ್ಲಿ ಅಮ್ಮನ ಹೆಸರು, ಮಾವನ ಪಾಸ್‌ಪೋರ್ಟಿನಲ್ಲಿ ಅಜ್ಜ ಅಜ್ಜಿಯ ಹೆಸರು. ನಡುವೆ ಅಮ್ಮನ ಕಾಗದವೊಂದು ಬೇಕು: ಪಾಸ್‌ಪೋರ್ಟ್, ಇಲ್ಲವೇ ತಂದೆಯ ಹೆಸರಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮದುವೆಗೆ ಮೊದಲು ಇನಿಷಿಯಲ್ ಮಾತ್ರ, ಆಮೇಲೆ ಶೆಟ್ಟಿ, ಪೂಜಾರಿ ಅಂತ ಸೇರಿಕೊಂಡು ಅಮ್ಮನ ಹೆಸರು ಎರಡು ಮೂರು ರೂಪದಲ್ಲಿರುವುದು ನಮ್ಮಲ್ಲಿ ಮಾಮೂಲು. ಹಾಗಿದ್ದರೆ ನಾಡಕಚೇರಿಯಲ್ಲಿ ಅಜ್ಜನ ಕುಟುಂಬದ ವಂಶವೃಕ್ಷ ಮಾಡಿಸಿ. ಅಕ್ಕ ತಮ್ಮ ಒಂದೇ ಹಾಳೆಯಲ್ಲಿ ಬರುತ್ತಾರೆ. ಅದು ಕನ್ನಡದಲ್ಲಿರುತ್ತದೆ, ಇಂಗ್ಲಿಷಿನಲ್ಲಿಲ್ಲದ ಕಾಗದಕ್ಕೆಲ್ಲ ಪೂರ್ತಿ ಅನುವಾದವನ್ನೂ ಜೊತೆಗಿಡಬೇಕೆಂಬ ನಿಯಮವಿದೆ.

ಈ ಸಂಬಂಧಕ್ಕೆ ತೆರಿಗೆಯ ಲೆಕ್ಕದಲ್ಲೂ ಬೆಲೆ ಇದೆ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣ ಒಟ್ಟು ಐವತ್ತು ಸಾವಿರ ದಾಟಿದರೆ ಅಷ್ಟೂ ಪಡೆದವರ ಆದಾಯವೆಂದೇ ಲೆಕ್ಕ. ಮದುವೆಯ ಉಡುಗೊರೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಸಂಬಂಧಿಕರು ಯಾರೆಂದು ಕಾಯಿದೆಯೇ ಪಟ್ಟಿ ಕೊಟ್ಟಿದೆ. ತಂದೆ ತಾಯಿಯ ಒಡಹುಟ್ಟಿದವರು ಅದರಲ್ಲಿದ್ದಾರೆ. ಹಾಗಾಗಿ ಸೋದರಮಾವ ಕೊಟ್ಟ ಹನ್ನೆರಡು ಲಕ್ಷಕ್ಕೆ ಸೊಸೆ ತೆರಿಗೆ ಕಟ್ಟಬೇಕಿಲ್ಲ. ಆದರೆ ಅದೇ ಮಾವನಿಗೆ ನಾಳೆ ಅಳಿಯ ದುಡಿದು ಹನ್ನೆರಡು ಲಕ್ಷ ಕೊಟ್ಟರೆ ತೆರಿಗೆ ಬೀಳುತ್ತದೆ, ಏಕೆಂದರೆ ಪಡೆಯುವವನ ಪಟ್ಟಿಯಲ್ಲಿ ಒಡಹುಟ್ಟಿದವರ ಮಕ್ಕಳಿಲ್ಲ. ಅಳಿಯನಿಗೇ ಆಸ್ತಿ ಹೋಗುತ್ತಿದ್ದ ತುಳುನಾಡಿಗೆ ಇದು ವಿಚಿತ್ರವಾಗಿ ಕಾಣಬಹುದು, ನಿಯಮ ಇರುವುದು ಹಾಗೆ. ಮಾವನ ಮಗ, ಅಂದರೆ ಭಾವ, ಆ ಪಟ್ಟಿಯಲ್ಲಿಲ್ಲ. ದುಬೈಯಿಂದ ಭಾವನ ಖಾತೆಯ ಮೂಲಕ ಕಳಿಸಿದರೆ ಏನಾಯಿತು ಅನ್ನಬೇಡಿ, ಕೊಡುವವರ ಖಾತೆಯಿಂದಲೇ ನೇರ ಬರಲಿ. ಅಂದಹಾಗೆ, ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿರುವುದರಿಂದ, ಹಳೆಯ ಮಾದರಿ ಪತ್ರದಿಂದ ಸೆಕ್ಷನ್ ನಕಲು ಮಾಡಬೇಡಿ. ವೀಸಾ ಪತ್ರಕ್ಕೆ ಸೆಕ್ಷನ್ ಬೇಕಾಗಿಯೂ ಇಲ್ಲ.

ಪತ್ರ ಬರೆಯುವವರು ಕೊಟ್ಟವರೇ. ಇಂಗ್ಲಿಷಿಗೆ ಹಾಕುವ ಮೊದಲು ಕನ್ನಡದಲ್ಲಿ ಹೀಗೆ ಬರೆದುಕೊಳ್ಳಿ:

“ನಾನು ಅರ್ಜಿದಾರಳ ತಾಯಿಯ ಒಡಹುಟ್ಟಿದ ತಮ್ಮ. ದುಬೈಯ ಇಂಥ ಕಂಪನಿಯಲ್ಲಿ ಇಂಥ ವರ್ಷದಿಂದ ಉದ್ಯೋಗದಲ್ಲಿದ್ದೇನೆ. ಜೂನ್ 10ರಂದು ಇಂಥ ಬ್ಯಾಂಕಿನ ನನ್ನ ಎನ್‌ಆರ್‌ಇ ಖಾತೆಯಿಂದ ಅವಳ ಖಾತೆಗೆ ₹12,00,000 (ಸುಮಾರು 12,000 ಯೂರೋ) ವರ್ಗಾಯಿಸಿದ್ದೇನೆ. ಯುಟಿಆರ್ ಸಂಖ್ಯೆ ಇಂಥದು. ಈ ಹಣ ಜೂನ್ 8ರಂದು ಅವಧಿ ಮುಗಿದ ನನ್ನ ಠೇವಣಿಯಿಂದ ಬಂದದ್ದು. ಆ ಠೇವಣಿ ನನ್ನ ಸಂಬಳದ ಉಳಿತಾಯ. ಇದು ಅವಳ ಓದು ಮತ್ತು ವಾಸದ ಖರ್ಚಿಗೆ ನಾನು ಕೊಟ್ಟ ಉಡುಗೊರೆ. ಇದು ಸಾಲವಲ್ಲ, ಹಿಂದಿರುಗಿಸಬೇಕಿಲ್ಲ. ಲಗತ್ತು 1ರಿಂದ 6ರವರೆಗೆ ನೋಡಿ.”

ಕೆಳಗೆ ಸಹಿ, ದಿನಾಂಕ, ವಿಳಾಸ, ಫೋನ್. ಸ್ಟೇಟ್‌ಮೆಂಟಿನಲ್ಲಿ ಆ ಜಮೆಯ ಸಾಲಿನ ಬದಿಗೆ ‘ಲಗತ್ತು 2 ನೋಡಿ’ ಎಂದು ಪೆನ್ನಿನಲ್ಲಿ ಗೀಚಬೇಡಿ. ಬ್ಯಾಂಕಿನ ಕಾಗದದ ಮೇಲೆ ನಮ್ಮ ಕೈಬರಹ ಇರಬಾರದು. ಪುಟ ಸಂಖ್ಯೆ, ದಿನಾಂಕ ಪತ್ರದಲ್ಲೇ ಹೇಳಿದರಾಯಿತು. ಲಕ್ಷದ ಅಲ್ಪವಿರಾಮ ಹೊರಗಿನವರಿಗೆ ಗೊಂದಲ ಮಾಡುತ್ತದೆ, ಅದಕ್ಕೇ ಯೂರೋ ಲೆಕ್ಕವನ್ನೂ ಕೊಡುವುದು.

“ಹಿಂದಿರುಗಿಸಬೇಕಿಲ್ಲ” ಎಂಬ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ಮಾವ ಫೋನಿನಲ್ಲಿ “ಕೆಲಸ ಸಿಕ್ಕಿದ ಮೇಲೆ ಕೊಡು, ಆಗ ನೋಡುವ” ಅಂದಿದ್ದರೆ ಅದು ಸಾಲ. ಸಾಲವೆಂದೇ ಬರೆಯಿರಿ, ತೀರಿಸುವ ಷರತ್ತನ್ನೂ ಹೇಳಿ. ಉಡುಗೊರೆ ಎಂದು ಬರೆದು, ಸಂದರ್ಶನದಲ್ಲಿ ಹುಡುಗಿ ಮುಗ್ಧವಾಗಿ “ಆಮೇಲೆ ಕೊಡಬೇಕು” ಅಂದರೆ ಇಡೀ ಕಡತದ ಮೇಲೆ ಅನುಮಾನ ಬರುತ್ತದೆ. ತೋರಿಸಲೆಂದೇ ಬಡ್ಡಿಗೆ ಹಣ ತಂದು ಕೂರಿಸುವುದಕ್ಕಂತೂ ಯಾವ ಪತ್ರವೂ ಇಲ್ಲ. ಅದು ಸುಳ್ಳು ದಾಖಲೆ.

ಮಾವನ ಬದಲು ಅಪ್ಪನೇ ಅಡಿಕೆ ಮಾರಿ ಹಾಕಿದ ಹಣವಾದರೆ? ಕ್ಯಾಂಪ್ಕೊಗೆ ಕೊಟ್ಟಿದ್ದರೆ ತೂಕದ ಬಿಲ್ಲೂ ಖಾತೆಗೆ ಬಂದ ಜಮೆಯೂ ಒಂದಕ್ಕೊಂದು ಹೊಂದುತ್ತವೆ, ಕೆಲಸ ಸುಲಭ. ಪೇಟೆಯ ವ್ಯಾಪಾರಿಗೆ ಕೊಟ್ಟು ನಗದು ತಂದು ಬ್ಯಾಂಕಿಗೆ ಕಟ್ಟಿದ್ದರೆ ಕಷ್ಟ. ಒಬ್ಬರಿಂದ ಒಂದು ದಿನಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ. ಉಳಿತಾಯ ಖಾತೆಗೆ ವರ್ಷದಲ್ಲಿ ಹತ್ತು ಲಕ್ಷ ನಗದು ಬಿದ್ದರೆ ಬ್ಯಾಂಕು ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಬಿಲ್ಲು ಕೇಳಿ ತೆಗೆದುಕೊಳ್ಳಿ, ಪಹಣಿ ಜೊತೆಗಿಡಿ. ಪಹಣಿಯಲ್ಲಿ ಒಂದೂವರೆ ಎಕರೆ ತೋಟ ತೋರಿಸಿ ಬಿಲ್ಲಿನಲ್ಲಿ ಐವತ್ತು ಕ್ವಿಂಟಾಲ್ ಚಾಲಿ ಇದ್ದರೆ ಅಡಿಕೆ ಬೆಳೆದವರು ಯಾರೂ ನಂಬುವುದಿಲ್ಲ, ಬಲ್ಲವರನ್ನು ಕೇಳಿದರೆ ಅಧಿಕಾರಿಯೂ ನಂಬುವುದಿಲ್ಲ.

ಹಣ ಯಾರ ಖಾತೆಯಲ್ಲಿರಬೇಕು ಎಂಬುದು ದೇಶಕ್ಕೆ ತಕ್ಕಂತೆ ಬೇರೆ. ಐರ್ಲೆಂಡಿಗೆ ಮಾವನೇ ಪ್ರಾಯೋಜಕರಾಗಿ ತಮ್ಮ ಖಾತೆಯನ್ನೇ ತೋರಿಸಬಹುದು, ಆಗ ವರ್ಗಾವಣೆಯ ಪ್ರಶ್ನೆಯೇ ಇಲ್ಲ. ಬ್ರಿಟನ್ನಿಗೆ ಹಾಗಾಗದು. ವಿದ್ಯಾರ್ಥಿಯ ಅಥವಾ ತಂದೆ ತಾಯಿಯ ಖಾತೆ ನಡೆಯುತ್ತದೆ, ಮಾವನದು ನಡೆಯುವುದಿಲ್ಲ. ಹಣ ಅಲ್ಲಿ ಸತತ 28 ದಿನ ಇರಬೇಕು, ಆ 28ನೆಯ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. ನಡುವೆ ಒಂದು ದಿನ ಮೊತ್ತ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಕಡಿತವಾಗಿಯೂ ಹೀಗಾಗಬಹುದು. ಬೇಕಾದ ಮೊತ್ತದ ಮೇಲೆ ಇಪ್ಪತ್ತು ಮೂವತ್ತು ಸಾವಿರ ಹೆಚ್ಚೇ ಇರಲಿ.

ಇಷ್ಟಾದರೂ ಐರ್ಲೆಂಡಿನ ವೀಸಾ ನಿರಾಕರಣೆಯಾದರೆ, ನಿರಾಕರಣೆ ಪತ್ರದ ದಿನಾಂಕದಿಂದ ಎರಡು ತಿಂಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಕಾರಣ ಅದರಲ್ಲೇ ಬರೆದಿರುತ್ತದೆ. ಅವರು ಠೇವಣಿಯ ರಶೀದಿ ಇಲ್ಲ ಎಂದಿದ್ದರೆ ರಶೀದಿಯನ್ನೂ, ಅದು ಯಾವ ಜಮೆಗೆ ಸೇರಿದ್ದು ಎನ್ನುವ ಎರಡು ಸಾಲನ್ನೂ ಕಳಿಸಿ. ಹಳೆಯ ಪತ್ರವನ್ನೇ ಉದ್ದ ಮಾಡಿ ಕಳಿಸಬೇಡಿ.